ತಿಂಗಳಿಗೆ ಬರೀ 28 ದಿನ ಏನ್ರಿ?

ಸಿರವಾರದಾಗ ನಮ್ಮಣ್ಣನದೊಂದು ಕಿರಾಣಿ ಅಂಗಡಿ ಐತಿ. ಹೋದ ತಿಂಗಳು ಸಂತೆ ದಿನ ಸಂಜೆ ಅವನ ಫೋನಿನ ಡೇಟಾ ನಿಂತುಬಿಡ್ತು. ಹೋಲ್‌ಸೇಲಿನವನಿಗೆ ಯುಪಿಐನಲ್ಲಿ ರೊಕ್ಕ ಹಾಕಬೇಕಾಗಿತ್ತು, ಆಗಲಿಲ್ಲ. "ಮೊನ್ನೆ ಮೊನ್ನೆ ರೀಚಾರ್ಜ್ ಮಾಡ್ಸೀನಲ್ಲೋ!" ಅಂದ. ಮಾಡಿಸಿದ್ದು ಖರೆ. ಆದರ ಪ್ಲ್ಯಾನಿನ ತಿಂಗಳು ಕ್ಯಾಲೆಂಡರಿನ ತಿಂಗಳಲ್ಲ, ಬರೀ 28 ದಿನ.

ಲೆಕ್ಕ ಹಾಕಿ ನೋಡ್ರಿ. 28 ದಿನಕ್ಕೆ 299 ರೂಪಾಯಿಯ ಪ್ಲ್ಯಾನ್ ಅಂತ ಇಟ್ಕೊಳ್ಳೋಣ. ವರ್ಷಕ್ಕೆ ಹನ್ನೆರಡು ಸಲ ಅಲ್ಲ, ಹದಿಮೂರು ಸಲ ಹಾಕಿಸಬೇಕು: 3,887 ರೂಪಾಯಿ. ಅಂದ್ರ ಖರೆ ತಿಂಗಳ ಖರ್ಚು 324. "ಅಗ್ಗ" ಅಂತ ತೋರಿಸಿದ್ದು 299, ಕಿಸೆಯಿಂದ ಹೋಗಿದ್ದು 324.

ಇದನ್ನ ಕಂಡು ಕೆಲವರು, "ಪೋಸ್ಟ್‌ಪೇಯ್ಡ್ ಮಾಡ್ಸಿಬಿಡು, ತಿಂಗಳು ಅಂದ್ರ ತಿಂಗಳು" ಅಂತ ಸಲಹೆ ಕೊಡ್ತಾರೆ. ಅಲ್ಲೂ ಒಂದು ಗುಟ್ಟೈತಿ. ಪ್ರಿಪೇಯ್ಡ್ ಬೆಲೆಯಲ್ಲಿ ತೆರಿಗೆ ಸೇರಿರುತ್ತದೆ, ಪೋಸ್ಟ್‌ಪೇಯ್ಡ್ ಬೆಲೆಯ ಮೇಲೆ 18 ಶೇಕಡಾ ಜಿಎಸ್‌ಟಿ ಬೇರೆ ಬೀಳುತ್ತದೆ. 399 ಅಂದದ್ದು ಬಿಲ್ಲಿನಲ್ಲಿ ಸುಮಾರು 471 ಆಗುತ್ತದೆ. ಆ 72 ರೂಪಾಯಿ ವಾಪಸ್ ಲೆಕ್ಕಕ್ಕೆ ಬರೋದು, ರೆಗ್ಯುಲರ್ ಜಿಎಸ್‌ಟಿ ನೋಂದಣಿ ಇದ್ದು, ಬಿಲ್ಲಿನ ಮೇಲೆ ಆ ನಂಬರ್ ಬರೆಸಿ, ಫೋನನ್ನು ವ್ಯಾಪಾರಕ್ಕೇ ಬಳಸುವವರಿಗೆ ಮಾತ್ರ. ನಮ್ಮಣ್ಣನಂಥ ಕಾಂಪೊಸಿಷನ್ ವ್ಯಾಪಾರಿಗೂ, ನೋಂದಣಿಯೇ ಇಲ್ಲದವರಿಗೂ ಅದು ದಂಡ. ಮನೆಮಂದಿಗೆಲ್ಲ ಒಂದೇ ಫ್ಯಾಮಿಲಿ ಬಿಲ್ ಮಾಡಿಸಿದರಂತೂ ಇವನು ಒಂದು ತಿಂಗಳು ಕಟ್ಟೋದು ತಪ್ಪಿದ್ರ ರಾಯಚೂರಿನಾಗ ಓದೋ ಮಗಳ ಫೋನೂ ನಿಲ್ತೈತಿ.

ಹಂಗಾದ್ರ ಏನ್ಮಾಡಬೇಕು? 2022ರ ಜನವರಿಯಲ್ಲೇ ಟ್ರಾಯ್ ಆದೇಶ ಮಾಡಿದೆ: ಪ್ರತಿ ಕಂಪನಿಯೂ 30 ದಿನದ ಪ್ಲ್ಯಾನನ್ನೂ, ಪ್ರತಿ ತಿಂಗಳು ಅದೇ ತಾರೀಖಿಗೆ ಹಾಕಿಸುವ ಪ್ಲ್ಯಾನನ್ನೂ ಇಡಲೇಬೇಕು. 2024ರ ಡಿಸೆಂಬರಿನಲ್ಲಿ, ಡೇಟಾ ಬೇಡದವರಿಗೆ ಬರೀ ಕರೆ-ಎಸ್ಸೆಮ್ಮೆಸ್ಸಿನ ಪ್ಲ್ಯಾನ್ ಪ್ರತ್ಯೇಕ ಇಡಬೇಕೆಂದೂ ಹೇಳಿತು. ಆದರೆ ರೀಚಾರ್ಜ್ ಅಂಗಡಿಯಲ್ಲಿ ಕೇಳದೆ ಯಾರೂ ಹೇಳೋದಿಲ್ಲ. ಮೊದಲು ಬಾಯಿಗೆ ಬರೋದು ಅದೇ 28.

ನಮ್ಮ ಮನ್ಯಾಗ ಹಿಂಗ ಮಾಡಿದ್ವಿ. ಮಗಳಿಗೆ ಅದೇ ತಾರೀಖಿನ ಪ್ರಿಪೇಯ್ಡ್, ಮನೆಯಿಂದ ರೊಕ್ಕ ಬರೋ ದಿನಕ್ಕೇ ಹೊಂದಿಸಿ. ಕೀಪ್ಯಾಡ್ ಫೋನಿನ ಅವ್ವಗ ಬರೀ ಕರೆಯ ಪ್ಲ್ಯಾನ್. ಅಣ್ಣನಿಗೆ, ಹತ್ತಿ ಮಾರಿದ ರೈತರು ಉದ್ರಿ ತೀರಿಸೋ ಹೊತ್ತಿಗೆ ಒಮ್ಮೆಲೇ ದೀರ್ಘ ಅವಧಿಯದು. ಕೊಳ್ಳೋ ಮುಂಚೆ ಬೆಲೆಯನ್ನ ದಿನಗಳಿಂದ ಭಾಗಿಸಿದ್ವಿ, ಅಷ್ಟೇ.

ಅಂಗಡಿಯಲ್ಲಿ ಕಿಲೋಕ್ಕೆ 50 ಗ್ರಾಂ ಕಡಿಮೆ ತೂಗಿದ್ರ ನಮ್ಮಣ್ಣನಿಗೆ ಬೈತೀರಿ. ತಿಂಗಳಿಗೆ ಎರಡು ದಿನ ಕಡಿಮೆ ತೂಗೋರಿಗೆ ಯಾಕ ಸುಮ್ಮನಿರ್ತೀರಿ?