ಕತ್ತಿನ ಮೂಳೆಯ ಸಾಕ್ಷಿ, ಬಾಗಿಲ ಮೇಲಿನ ಪೆನ್ಸಿಲ್ ಗೆರೆ

"ಹದಿಮೂರು ತುಂಬಿತಲ್ಲ ಡಾಕ್ಟ್ರೇ, ಈಗಲೇ ಕ್ಲಿಪ್ ಹಾಕಿಬಿಡಿ" ಅಂದರು ಆ ತಾಯಿ. ಹುಡುಗನ ಮೇಲಿನ ಮುಂಹಲ್ಲು ಕೆಳಗಿನದಕ್ಕಿಂತ 8 ಮಿಲಿಮೀಟರ್ ಮುಂದಿತ್ತು, ಕೆಳದವಡೆ ಹಿಂದೆ ಉಳಿದಿತ್ತು. ಇಂಥವರಿಗೆ ನಾವು ಟ್ವಿನ್ ಬ್ಲಾಕ್ ಅನ್ನೋ ಸಾಧನ ಕೊಡುತ್ತೇವೆ. ಬಾಯಿ ಮುಚ್ಚಿದಾಗ ಅದು ಕೆಳದವಡೆಯನ್ನು ಮುಂದೆ ಹಿಡಿದಿಡುತ್ತೆ. ದವಡೆ ಭರದಿಂದ ಬೆಳೆಯುವ ಹೊತ್ತಿಗೆ ಹಾಕಿದರೆ ಹೆಚ್ಚು ಲಾಭ. ಆದರೆ ಆ ಹೊತ್ತು ಬಂತೆಂದು ತಿಳಿಯೋದು ಹೇಗೆ? ಹದಿಮೂರಕ್ಕೇ ಮೀಸೆ ಬಂದವರೂ ಇದ್ದಾರೆ, ಇನ್ನೂ ಮಗುವಿನಂತೆ ಇರುವವರೂ ಇದ್ದಾರೆ.

ಅದಕ್ಕೇ ನಾವು ಕತ್ತು ನೋಡೋದು! ಚಿಕಿತ್ಸೆಗೆಂದು ಹೇಗೂ ತಲೆಯ ಪಕ್ಕನೋಟದ ಎಕ್ಸ್‌ರೇ ತೆಗೆಸುತ್ತೇವೆ. ಅದರಲ್ಲೇ ಕತ್ತಿನ 2, 3 ಮತ್ತು 4ನೇ ಮೂಳೆಗಳೂ ಕಾಣುತ್ತವೆ. ಎಳೆಯ ಮಕ್ಕಳಲ್ಲಿ ಅವುಗಳ ತಳ ಚಪ್ಪಟೆ. ಬೆಳೆದಂತೆ ತಳ ಕಮಾನಿನಂತೆ ಒಳಬಾಗುತ್ತೆ, ಮೊದಲು 2ನೆಯದು, ಆಮೇಲೆ 3, ಆಮೇಲೆ 4. ಆಕಾರವೂ ಬದಲಾಗುತ್ತೆ. 3 ಮತ್ತು 4ನೆಯದು ಮೊದಲು ಮುಂದಕ್ಕೆ ತಗ್ಗಿದ ಬೆಣೆಯಂತೆ, ಆಮೇಲೆ ಮಲಗಿಸಿದ ಇಟ್ಟಿಗೆಯಂತೆ, ಮುಂದೆ ಚೌಕ, ಕೊನೆಗೆ ನಿಲ್ಲಿಸಿದ ಇಟ್ಟಿಗೆ. ಬಾಚೆಟ್ಟಿ, ಫ್ರಾಂಕಿ, ಮ್ಯಾಕ್‌ನಮಾರ ಎಂಬವರು 2005ರಲ್ಲಿ ಇದನ್ನು ಆರು ಹಂತಗಳಾಗಿ ವಿಂಗಡಿಸಿದರು. 2ನೇ ಮೂಳೆಯ ತಳ ಮಾತ್ರ ಬಾಗಿದ್ದರೆ 2ನೇ ಹಂತ, ದವಡೆಯ ಭರದ ಬೆಳವಣಿಗೆಗೆ ಸುಮಾರು ಒಂದು ವರ್ಷ ಬಾಕಿ. 3ನೆಯದೂ ಬಾಗಿದ್ದರೆ 3ನೇ ಹಂತ, ಇನ್ನೊಂದು ವರ್ಷದೊಳಗೆ ಭರ ಬರುತ್ತೆ, ಶುರು ಮಾಡಬಹುದು.

ಓದೋಕೆ ಸುಲಭ ಅಲ್ವಾ? ಫಿಲ್ಮ್ ಮುಂದೆ ಕೂತಾಗ ಗೊತ್ತಾಗುತ್ತೆ ಕಷ್ಟ. ಈ ಹುಡುಗನ 2ನೇ ಮೂಳೆ ಸ್ಪಷ್ಟವಾಗಿ ಬಾಗಿತ್ತು, 4ನೆಯದು ಚಪ್ಪಟೆ. 3ನೆಯದರ ತಳ ಬಾಗಿದೆ ಅಂದರೆ ಬಾಗಿದೆ, ಇಲ್ಲ ಅಂದರೆ ಇಲ್ಲ... ನಾನು "3ನೇ ಹಂತ" ಅಂತ ಬರೆದೆ. ಒಂದು ವಾರದ ನಂತರ, ಬರೆದದ್ದನ್ನು ಮುಚ್ಚಿಟ್ಟು, ಅದೇ ಫಿಲ್ಮ್ ಮತ್ತೆ ನೋಡಿದೆ. "2ನೇ ಹಂತ" ಅನ್ನಿಸಿತು! ನನ್ನ ಕಣ್ಣಿನ ಈ ಡೋಲಾಯಮಾನಕ್ಕೆ ಹುಡುಗನ ಲೆಕ್ಕದಲ್ಲಿ ಒಂದು ವರ್ಷದ ಬೆಲೆ.

ಇದು ನನ್ನೊಬ್ಬಳ ಕಥೆಯಲ್ಲ. 2009ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 10 ತಜ್ಞರಿಗೆ ಒಂದೇ ಫಿಲ್ಮ್‌ಗಳನ್ನು ತೋರಿಸಿದಾಗ ಅವರೊಳಗಿನ ಒಮ್ಮತ ಅರ್ಧಕ್ಕಿಂತ ಕಡಿಮೆ. ಅದೇ ತಜ್ಞ ಎರಡನೇ ಸಲ ನೋಡಿದಾಗ ತನ್ನ ಮೊದಲ ಉತ್ತರವನ್ನೇ ಕೊಟ್ಟದ್ದು ಶೇಕಡಾ 62ರಷ್ಟು ಸಲ. ಚೆನ್ನಾಗಿ ತರಬೇತಿ ಕೊಟ್ಟ ಬೇರೆ ಅಧ್ಯಯನಗಳಲ್ಲಿ ಫಲಿತಾಂಶ ಇದಕ್ಕಿಂತ ಉತ್ತಮವಾಗಿದೆ, ನಿಜ. ಹೆಚ್ಚು ಎಡವಟ್ಟಾಗೋದು ಮೂಳೆ ಬೆಣೆಯೋ, ಇಟ್ಟಿಗೆಯೋ, ಚೌಕವೋ ಅನ್ನೋ ಕಡೆ. ತಳದ ಕಮಾನು ಅದಕ್ಕಿಂತ ನಂಬಿಕಸ್ಥ.

ಹಾಗಾಗಿ ನನ್ನ ಅಭಿಪ್ರಾಯ ಇಷ್ಟೇ. ಕತ್ತಿನ ಮೂಳೆ ಒಬ್ಬ ಸಾಕ್ಷಿ, ನ್ಯಾಯಾಧೀಶ ಅಲ್ಲ. ಇನ್ನೊಬ್ಬ ಸಾಕ್ಷಿ ಬೇಕು, ಅವನು ಪುಕ್ಕಟೆ ಸಿಗುತ್ತಾನೆ: ಎತ್ತರ. ದವಡೆಯ ಭರ ಹೆಚ್ಚುಕಡಿಮೆ ಎತ್ತರದ ಭರದ ಆಸುಪಾಸಿನಲ್ಲೇ ಬರುತ್ತೆ. "ಇವನ ಎತ್ತರ ಎಲ್ಲಾದರೂ ಬರೆದಿಟ್ಟಿದ್ದೀರಾಮ್ಮಾ?" ಅಂತ ಕೇಳಿದೆ. ಪ್ರತಿ ಹುಟ್ಟುಹಬ್ಬಕ್ಕೂ ಅವರಪ್ಪ ಬಾಗಿಲ ಚೌಕಟ್ಟಿನ ಮೇಲೆ ಪೆನ್ಸಿಲ್ ಗೆರೆ ಎಳೆದಿದ್ದರಂತೆ! ಕಳೆದ ವರ್ಷದ ಗೆರೆಗೂ ಈ ವರ್ಷದ್ದಕ್ಕೂ 5 ಸೆಂಟಿಮೀಟರ್. ಅಂದರೆ ಭರ ಇನ್ನೂ ಬಂದಿಲ್ಲ, ಹುಡುಗರಿಗೆ ಅದು ಬಂದಾಗ ವರ್ಷಕ್ಕೆ 9 ಸೆಂಟಿಮೀಟರ್ ಆಸುಪಾಸು ಬೆಳೆಯುತ್ತಾರೆ.

ಕಾದೆವು. ಮೂರು ತಿಂಗಳಿಗೊಮ್ಮೆ, ಬೆಳಗಿನ ಹೊತ್ತೇ, ಚಪ್ಪಲಿ ಬಿಚ್ಚಿಸಿ ಅಳೆದೆವು (ಸಂಜೆ ಹೊತ್ತಿಗೆ ಎಲ್ಲರೂ ಸ್ವಲ್ಪ ಕುಗ್ಗಿರುತ್ತೇವೆ). ಮೊದಲು 1.3, ಆಮೇಲೆ 1.5, ಮೂರನೇ ಸಲ 2.3 ಸೆಂಟಿಮೀಟರ್. ಆಗ ಟ್ವಿನ್ ಬ್ಲಾಕ್ ಕೊಟ್ಟೆ. ಒಂದೇ ಒಂದು ಹೆಚ್ಚಿನ ಎಕ್ಸ್‌ರೇ ತೆಗೆಸಲಿಲ್ಲ.

ಕಾಯೋದಕ್ಕೂ ಬೆಲೆ ಇದೆ ಅನ್ನೋದನ್ನು ಮರೆಯಬಾರದು. ಮುಂದೆ ಚಾಚಿದ ಹಲ್ಲು ಆಟದಲ್ಲಿ ಬಿದ್ದರೆ ಬೇಗ ಮುರಿಯುತ್ತೆ, ಶಾಲೆಯಲ್ಲಿ ಅಡ್ಡಹೆಸರು ಬೇರೆ. ಅಂಥ ಮಗುವಿಗೆ ಹಂತ ನೋಡುತ್ತಾ ಕೂರದೆ ಮೊದಲೇ ಶುರು ಮಾಡಬೇಕಾಗಬಹುದು. ಹಾಗೇ, ಥೈರಾಯ್ಡ್ ಕಾಪಾಡಲು ಕತ್ತಿಗೆ ಸುತ್ತುವ ಸೀಸದ ಪಟ್ಟಿ ನಮಗೆ ಬೇಕಾದ 3, 4ನೇ ಮೂಳೆಯನ್ನೇ ಮುಚ್ಚಿಬಿಡುತ್ತೆ. ಮುಚ್ಚಿದರೆ ಮುಚ್ಚಲಿ ಬಿಡಿ. ಮೂಳೆ ನೋಡೋಕೆ ಅಂತಲೇ ಇನ್ನೊಂದು ಎಕ್ಸ್‌ರೇ ತೆಗೆಸೋದನ್ನು ನಾನಂತೂ ಒಪ್ಪಲ್ಲ.

ನಿಮ್ಮ ಮನೆಯಲ್ಲಿ ಹತ್ತು ದಾಟಿದ ಮಕ್ಕಳಿದ್ದರೆ ಇವತ್ತೇ ಬಾಗಿಲಿಗೆ ಒಂದು ಗೆರೆ ಎಳೆಯಿರಿ, ಪಕ್ಕದಲ್ಲಿ ತಾರೀಖು ಬರೆಯಿರಿ. ಮನೆಗೆ ಬಣ್ಣ ಹೊಡೆಸುವಾಗ ಅಳಿಸಿ ಹೋದೀತು, ಮೊದಲೇ ಒಂದು ಪುಸ್ತಕಕ್ಕೆ ಇಳಿಸಿಕೊಳ್ಳಿ :)