ಕೆಲಸಕ್ಕೆ ಬಂದ ಮಾತ್ರಕ್ಕೆ ನಿಜವಾದೀತೆ?

1858ರ ಬೇಸಿಗೆಯಲ್ಲಿ ಲಂಡನ್ನಿನ ಥೇಮ್ಸ್ ನದಿ ಎಷ್ಟು ನಾರುತ್ತಿತ್ತೆಂದರೆ, ದಂಡೆಯ ಮೇಲಿದ್ದ ಪಾರ್ಲಿಮೆಂಟ್ ಭವನದ ಪರದೆಗಳನ್ನು ಬ್ಲೀಚಿಂಗ್ ಪೌಡರ್ ಕಲಸಿದ ನೀರಿನಲ್ಲಿ ಅದ್ದಿ ತೂಗುಹಾಕಬೇಕಾಯಿತು. ಊರಿನ ಹೊಲಸೆಲ್ಲ ನದಿಗೇ ಬಂದು ಬೀಳುತ್ತಿತ್ತು. ಕೊಳೆತ ವಸ್ತುಗಳಿಂದ ಏಳುವ ಕೆಟ್ಟ ಗಾಳಿಯೇ ಕಾಲರಾ ತರುತ್ತದೆ ಎಂದು ಅಂದಿನ ಬಹುಪಾಲು ವೈದ್ಯರೂ ಅಧಿಕಾರಿಗಳೂ ನಂಬಿದ್ದರು. ಆ ನಂಬಿಕೆಗೆ ‘ಮಯಾಸ್ಮಾ’ ಸಿದ್ಧಾಂತ ಎಂಬ ಹೆಸರಿತ್ತು. ನಾತ ಹೋದರೆ ರೋಗವೂ ಹೋಗುತ್ತದೆಂದು ಸಂಸದರು ಬೇಗಬೇಗ ಕಾನೂನು ಮಾಡಿದರು. ಜೋಸೆಫ್ ಬಝಲ್ಜೆಟ್ ಎಂಬ ಎಂಜಿನಿಯರ್ ನೆಲದಡಿಯಲ್ಲಿ ಭಾರಿ ಒಳಚರಂಡಿಗಳನ್ನು ಕಟ್ಟಿ ಹೊಲಸನ್ನು ಊರಾಚೆ ಪೂರ್ವಕ್ಕೆ ಸಾಗಿಸಿದರು. 1866ರ ನಂತರ ಲಂಡನ್ನಿಗೆ ಕಾಲರಾ ಪಿಡುಗು ಮತ್ತೆ ಬರಲಿಲ್ಲ.

ಆದರೆ ಆ ನಂಬಿಕೆ ತಪ್ಪಾಗಿತ್ತು. ಕಾಲರಾ ನಾತದಿಂದ ಬರುವುದಿಲ್ಲ, ರೋಗಿಯ ಮಲ ಸೇರಿದ ನೀರು, ಆಹಾರಗಳಿಂದ ಬರುತ್ತದೆ. ಹೊಲಸನ್ನು ದೂರ ಸಾಗಿಸಿದ್ದರಿಂದ ಕುಡಿಯುವ ನೀರೂ ಚೊಕ್ಕಟವಾಯಿತು, ಜನ ಉಳಿದರು. ಹೀಗೆ ಒಂದು ತಪ್ಪು ನಂಬಿಕೆಯಿಂದ ಒಂದು ಮಹಾನಗರಕ್ಕೆ ಒಳಿತಾಯಿತು. ಹಾಗಾದರೆ ಆ ನಂಬಿಕೆಯನ್ನು ‘ಒಂದು ಅರ್ಥದಲ್ಲಿ ನಿಜ’ ಎನ್ನಬಹುದೆ?

ಪ್ರಾಗ್ಮ್ಯಾಟಿಸಂ ಎಂಬ ತತ್ವಶಾಸ್ತ್ರದ ಮೇಲೆ ನೂರು ವರ್ಷಗಳಿಗೂ ಹೆಚ್ಚು ಕಾಲದಿಂದ ನಿಂತಿರುವ ಆರೋಪ ಇದೇ. ಅದು ಸತ್ಯವನ್ನೂ ಪ್ರಯೋಜನವನ್ನೂ ಒಂದೇ ಮಾಡಿಬಿಡುತ್ತದೆ, ಕೆಲಸಕ್ಕೆ ಬಂದದ್ದನ್ನೆಲ್ಲ ನಿಜವೆನ್ನುತ್ತದೆ ಎಂಬ ಆರೋಪ. ಇದರಲ್ಲಿ ಹುರುಳೆಷ್ಟು ಎಂದು ತಿಳಿಯಬೇಕಾದರೆ, ಆ ತತ್ವವನ್ನು ಹೇಳಿದವರು ‘ಕೆಲಸಕ್ಕೆ ಬರುವುದು’ ಎಂದಾಗ ಯಾವ ಕೆಲಸವನ್ನು ಕುರಿತು ಹೇಳಿದರು ಎಂದು ಮೊದಲು ನೋಡಬೇಕು.

ಈ ವಿಚಾರವನ್ನು ಮೊದಲು ಮಂಡಿಸಿದವರು ಅಮೆರಿಕದ ಚಾರ್ಲ್ಸ್ ಸ್ಯಾಂಡರ್ಸ್ ಪರ್ಸ್. ಅವರು ಲೋಲಕಗಳನ್ನು ತೂಗಿಸಿ ಗುರುತ್ವಾಕರ್ಷಣೆಯನ್ನು ಅಳೆಯುತ್ತಿದ್ದ ಸರ್ಕಾರಿ ಸರ್ವೇಕ್ಷಣೆಯ ವಿಜ್ಞಾನಿ. 1877 ಮತ್ತು 1878ರಲ್ಲಿ ಬರೆದ ಎರಡು ಲೇಖನಗಳಲ್ಲಿ ಅವರು ಸರಳವಾದ ಒಂದು ಪ್ರಶ್ನೆ ಎತ್ತಿದರು: ಒಂದು ಮಾತಿನ ಅರ್ಥ ಸ್ಪಷ್ಟವಾಗುವುದು ಹೇಗೆ? ಒಂದು ವಸ್ತು ‘ಗಡುಸು’ ಎಂದರೆ ಬೇರೆ ಹಲವು ವಸ್ತುಗಳಿಂದ ಕೆರೆದರೂ ಅದರ ಮೇಲೆ ಗೀರು ಬೀಳುವುದಿಲ್ಲ ಎಂದರ್ಥ. ಮಾತಿನಿಂದ ಏನನ್ನು ನಿರೀಕ್ಷಿಸಬಹುದೋ ಅದೇ ಅದರ ಅರ್ಥ. ‘ಸತ್ಯ’ ಎಂಬ ಪದವನ್ನೂ ಪರ್ಸ್ ಹೀಗೆಯೇ ಬಿಡಿಸಿದರು. ವಿಚಾರಣೆ ಮಾಡುವವರೆಲ್ಲ ಸಾಕಷ್ಟು ದೂರ ಹೋದರೆ ಕೊನೆಗೆ ಯಾವ ಅಭಿಪ್ರಾಯದಲ್ಲಿ ಬಂದು ಸೇರುತ್ತಾರೋ ಅದು ಸತ್ಯ. ಈ ವಿಚಾರಣೆಗೆ ಅವರು ಒಂದು ಕಟ್ಟುಪಾಡು ಹಾಕಿದ್ದರು. ನಮ್ಮ ಇಷ್ಟಾನಿಷ್ಟಕ್ಕೆ ಸ್ವಲ್ಪವೂ ಮಣಿಯದ ಹೊರಗಿನ ವಾಸ್ತವವೇ ನಮ್ಮ ನಂಬಿಕೆಯನ್ನು ತೀರ್ಮಾನಿಸಬೇಕು. ಹಟದಿಂದ, ಅಧಿಕಾರದ ಬಲದಿಂದ ಅಥವಾ ಬುದ್ಧಿಗೆ ಹಿತವೆನಿಸಿತೆಂದು ಒಪ್ಪಿಕೊಂಡದ್ದು ಉಳಿಯುವುದಿಲ್ಲ ಎಂದರು.

ಆರೋಪಕ್ಕೆ ಎಡೆಯಾದದ್ದು ಅವರ ಗೆಳೆಯ ವಿಲಿಯಂ ಜೇಮ್ಸ್ ಅವರ ಬರಹದಿಂದ. 1907ರಲ್ಲಿ ಪ್ರಕಟವಾದ ‘ಪ್ರಾಗ್ಮ್ಯಾಟಿಸಂ’ ಉಪನ್ಯಾಸಗಳಲ್ಲಿ ಜೇಮ್ಸ್, ನಮ್ಮ ಆಲೋಚನೆಯ ದಾರಿಯಲ್ಲಿ ಅನುಕೂಲವಾಗಿ ಒದಗುವುದೇ ಸತ್ಯ ಎಂಬರ್ಥದ ಮಾತಾಡಿದರು. ದೀರ್ಘಕಾಲದಲ್ಲಿ, ಒಟ್ಟಾರೆಯಾಗಿ ಒದಗಬೇಕು ಎಂಬ ಷರತ್ತನ್ನೂ ಸೇರಿಸಿದ್ದರು. ಆದರೆ ದೇವರಿದ್ದಾನೆಂಬ ಊಹೆ ವಿಶಾಲ ಅರ್ಥದಲ್ಲಿ ತೃಪ್ತಿಕರವಾಗಿ ನಡೆದರೆ ಅದು ನಿಜ ಎಂದೂ ಅದೇ ಪುಸ್ತಕದಲ್ಲಿ ಬರೆದರು. ಬರ್ಟ್ರಂಡ್ ರಸೆಲ್ 1908ರಲ್ಲಿ ಹಿಡಿದದ್ದು ಇದನ್ನೇ. ಅವರ ವಾದ ಚುರುಕಾಗಿತ್ತು. ಒಂದು ನಂಬಿಕೆ ನಿಜವೇ ಎಂದು ಕೇಳುವುದು ಬೇರೆ, ಅದನ್ನು ನಂಬುವುದರಿಂದ ಒಳ್ಳೆಯದಾಗುತ್ತದೆಯೇ ಎಂದು ಕೇಳುವುದು ಬೇರೆ. ಒಳ್ಳೆಯದಾಯಿತೇ ಎಂದು ಪತ್ತೆ ಹಚ್ಚುವುದು ಎಷ್ಟೋ ಸಲ ಹೆಚ್ಚು ಕಷ್ಟ. ಅಷ್ಟೇ ಅಲ್ಲ, ‘ಈ ನಂಬಿಕೆಯಿಂದ ಒಳ್ಳೆಯದಾಯಿತು’ ಎಂಬುದೂ ಒಂದು ನಂಬಿಕೆಯೇ. ಅದು ನಿಜವೆನ್ನಲು ಅದನ್ನು ನಂಬುವುದರಿಂದಲೂ ಒಳ್ಳೆಯದಾಗಿದೆಯೇ ಎಂದು ಕೇಳಬೇಕಾಗುತ್ತದೆ, ಆ ಸರಣಿ ಎಲ್ಲಿಯೂ ನಿಲ್ಲುವುದಿಲ್ಲ.

ಒಳಚರಂಡಿಯ ಕತೆಯನ್ನು ಈ ವಾದಕ್ಕೆ ಒಡ್ಡಿದರೆ ರಸೆಲ್ ಗೆದ್ದಂತೆಯೇ ಕಾಣುತ್ತದೆ. ಮಯಾಸ್ಮಾ ಉಪಯೋಗಕ್ಕೆ ಬಂತು, ಆದರೆ ಸುಳ್ಳು. ಪ್ರಯೋಜನ ಮತ್ತು ಸತ್ಯ ಬೇರೆ ಬೇರೆ ಎನ್ನಲು ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ. ಆದರೆ ಅದು ಸುಳ್ಳು ಎಂದು ನಮಗೆ ಗೊತ್ತಾದದ್ದು ಹೇಗೆ ಎಂಬುದನ್ನು ಹತ್ತಿರದಿಂದ ನೋಡಿದಾಗ ವಿಷಯ ಅಷ್ಟಕ್ಕೇ ಮುಗಿಯುವುದಿಲ್ಲ.

1854ರ ಆಗಸ್ಟ್ ಕೊನೆಯಲ್ಲಿ ಲಂಡನ್ನಿನ ಸೋಹೋ ಪ್ರದೇಶದ ಬ್ರಾಡ್ ಸ್ಟ್ರೀಟಿನ ಸುತ್ತ ಕಾಲರಾ ಸ್ಫೋಟಿಸಿ ಕೆಲವೇ ದಿನಗಳಲ್ಲಿ ನೂರಾರು ಜನ ಸತ್ತರು. ಬೀದಿಯ ಬೋರಿಂಗ್ ಪಂಪಿನ ನೀರೇ ಕಾರಣ ಎಂದು ಡಾ. ಜಾನ್ ಸ್ನೋ ವಾದಿಸಿದ್ದರಿಂದ ಸೆಪ್ಟೆಂಬರ್ 8ರಂದು ಪಂಪಿನ ಹಿಡಿಯನ್ನು ಕಳಚಿದರು. ರೋಗ ನಿಂತಿತು. ಇದನ್ನೇ ಸ್ನೋ ಅವರ ಗೆಲುವೆಂದು ಬಹಳ ಕಡೆ ಹೇಳುತ್ತಾರೆ. ಆದರೆ ಸ್ನೋ ಸ್ವತಃ ಹಾಗೆ ಹೇಳಲಿಲ್ಲ. ಹಿಡಿ ಕಳಚುವ ಹೊತ್ತಿಗೆ ಜನ ಆ ಪ್ರದೇಶ ಬಿಟ್ಟು ಓಡಿದ್ದರು, ಸಾವು ಇಳಿಮುಖವಾಗಿತ್ತು. ಆದ್ದರಿಂದ ಕೆಲಸ ಫಲಿಸಿದಂತೆ ಕಂಡರೂ ಅದರಿಂದ ಏನೂ ಸಾಬೀತಾಗಲಿಲ್ಲ.

ಪುರಾವೆ ಸಿಕ್ಕಿದ್ದು ಬೇರೆ ಕಡೆ. ಪಂಪಿನ ಹತ್ತಿರವೇ ಒಂದು ಬಡವರ ಆಶ್ರಯಧಾಮವಿತ್ತು. ಅಲ್ಲಿದ್ದವರು 535 ಜನ, ಕಾಲರಾದಿಂದ ಸತ್ತವರು ಐವರು. ಅವರಿಗೆ ಸ್ವಂತ ಬಾವಿಯಿತ್ತು. ಅದೇ ಬೀದಿಯ ಬಿಯರ್ ಕಾರ್ಖಾನೆಯ ಕೆಲಸಗಾರರು ಪಂಪಿನ ನೀರು ಕುಡಿಯುತ್ತಿರಲಿಲ್ಲ, ಅವರಲ್ಲಿ ಯಾರೂ ಸಾಯಲಿಲ್ಲ. ಬಹುದೂರದ ಹ್ಯಾಂಪ್‌ಸ್ಟೆಡ್‌ನಲ್ಲಿದ್ದ ಒಬ್ಬ ವಿಧವೆಗೆ ಆ ಪಂಪಿನ ನೀರಿನ ರುಚಿ ಹಿಡಿಸಿತ್ತು. ದಿನವೂ ಗಾಡಿಯಲ್ಲಿ ಒಂದು ಬಾಟಲಿ ತರಿಸಿಕೊಳ್ಳುತ್ತಿದ್ದರು. ಸೋಹೋದ ಗಾಳಿ ಅವರನ್ನು ಮುಟ್ಟಿರಲಿಲ್ಲ, ನೀರು ಮಾತ್ರ ಮುಟ್ಟಿತ್ತು. ಅವರು ಕಾಲರಾದಿಂದ ತೀರಿಕೊಂಡರು. ಗಾಳಿಯೇ ಕಾರಣವಾಗಿದ್ದರೆ ಈ ಮೂರೂ ಹೀಗಾಗಬಾರದಿತ್ತು.

ಮಯಾಸ್ಮಾದ ಪರವಾಗಿಯೂ ಗಟ್ಟಿ ಲೆಕ್ಕವಿತ್ತು ಎಂಬುದನ್ನು ಮರೆಯಬಾರದು. ಅಂಕಿಅಂಶ ತಜ್ಞ ವಿಲಿಯಂ ಫಾರ್, 1849ರ ಪಿಡುಗಿನಲ್ಲಿ ಬಡಾವಣೆ ನದಿಯಿಂದ ಎಷ್ಟು ಎತ್ತರದಲ್ಲಿದೆಯೋ ಅಷ್ಟು ಸಾವು ಕಡಿಮೆ ಎಂಬ ಸೂತ್ರ ಕಂಡುಹಿಡಿದಿದ್ದರು. ತಗ್ಗಿನಲ್ಲಿ ಕೆಟ್ಟ ಗಾಳಿ ದಟ್ಟ ಎಂಬ ಅರ್ಥಕ್ಕೆ ಅದು ಚೆನ್ನಾಗಿ ಹೊಂದುತ್ತಿತ್ತು. ಪ್ರಯೋಜನವಷ್ಟೇ ಅಲ್ಲ, ಲೆಕ್ಕವೂ ಆ ಕಾಲಕ್ಕೆ ಕೂಡಿಬಂದಿತ್ತು. ಆದರೆ ತಗ್ಗಿನ ಬಡಾವಣೆಗಳು ಕೆಟ್ಟ ನೀರನ್ನೂ ಕುಡಿಯುತ್ತಿದ್ದವು. ಎರಡು ಕಾರಣಗಳು ಜೊತೆಯಲ್ಲೇ ಇದ್ದುದರಿಂದ ಅವನ್ನು ಬಿಡಿಸಿ ನೋಡಬೇಕಿತ್ತು.

ಬಿಡಿಸಲು ದಾರಿ ಸಿಕ್ಕಿದ್ದು ನದಿಯ ದಕ್ಷಿಣ ದಂಡೆಯಲ್ಲಿ. ಅಲ್ಲಿನ ಬೀದಿಗಳಲ್ಲಿ ಎರಡು ಕಂಪನಿಗಳ ಕೊಳವೆಗಳು ಅಕ್ಕಪಕ್ಕದಲ್ಲೇ ಹೋಗುತ್ತಿದ್ದವು. ಒಂದು ಮನೆಗೆ ಲ್ಯಾಂಬೆತ್ ಕಂಪನಿಯ ನೀರು, ಪಕ್ಕದ ಮನೆಗೆ ಸೌತ್‌ವಾರ್ಕ್ ಆಂಡ್ ವಾಕ್ಸ್‌ಹಾಲ್ ಕಂಪನಿಯದು. ಲ್ಯಾಂಬೆತ್ 1852ರಲ್ಲಿ ನೀರೆತ್ತುವ ಜಾಗವನ್ನು ನದಿಯ ಮೇಲ್ಭಾಗಕ್ಕೆ, ಹೊಲಸು ಸೇರದ ಕಡೆಗೆ ಸರಿಸಿತ್ತು. ಇನ್ನೊಂದು ಸರಿಸಿರಲಿಲ್ಲ. ಎರಡೂ ಮನೆಗಳಿಗೆ ಅದೇ ಗಾಳಿ, ಅದೇ ಎತ್ತರ, ನೀರಷ್ಟೇ ಬೇರೆ. ಸ್ನೋ ಮನೆಮನೆಗೆ ಹೋಗಿ ಲೆಕ್ಕ ಹಾಕಿದಾಗ, 10,000 ಮನೆಗಳಿಗೆ ಲ್ಯಾಂಬೆತ್ ಕಡೆ 37 ಸಾವು, ಇನ್ನೊಂದರ ಕಡೆ 315. ಎತ್ತರದ ಸೂತ್ರದಿಂದ ಈ ವ್ಯತ್ಯಾಸಕ್ಕೆ ಉತ್ತರ ಸಿಗುತ್ತಿರಲಿಲ್ಲ. ಹಾಗಿದ್ದೂ ಆರೋಗ್ಯ ಮಂಡಳಿಯ ವಿಜ್ಞಾನ ಸಮಿತಿ ಸ್ನೋ ಅವರ ವಾದವನ್ನು ಒಪ್ಪಲಿಲ್ಲ. 1866ರಲ್ಲಿ ಪೂರ್ವ ಲಂಡನ್ನಿನಲ್ಲಿ ಮತ್ತೆ ಕಾಲರಾ ಬಂದಾಗ ನೀರಿನ ಕಡೆಗೆ ಬೆರಳು ತೋರಿಸಿದವರಲ್ಲಿ ಫಾರ್ ಅವರೇ ಮುಂದಿದ್ದರು. ತಮ್ಮ ಹಳೆಯ ನಿಲುವನ್ನು ಅವರು ಬಿಟ್ಟುಕೊಟ್ಟರು.

ಇಲ್ಲಿ ‘ಕೆಲಸಕ್ಕೆ ಬಂತು’ ಎಂಬ ಮಾತಿಗೆ ಎರಡು ಅರ್ಥಗಳು ಕಾಣುತ್ತವೆ. ಮಯಾಸ್ಮಾ ಚರಂಡಿ ಕಟ್ಟಿಸುವ ಕೆಲಸಕ್ಕೆ ಬಂತು. ನೀರಿನ ಊಹೆ ವಿಚಾರಣೆಯ ಕೆಲಸಕ್ಕೆ ಬಂತು. ಅದು ಎಲ್ಲಿ ಸಾವು ಇರಬೇಕು, ಎಲ್ಲಿ ಇರಬಾರದು ಎಂದು ಮುಂಚಿತವಾಗಿ ಹೇಳಿತು, ಸುಳ್ಳಾಗಬಹುದಾದ ಕಡೆಗಳಲ್ಲೆಲ್ಲ ಒರೆಗೆ ಹಚ್ಚಿಸಿಕೊಂಡು ನಿಂತಿತು. ಪರ್ಸ್ ಹೇಳಿದ ಸತ್ಯ ಈ ಎರಡನೆಯ ಅರ್ಥದ್ದು. ಅಷ್ಟೇ ಅಲ್ಲ, ಮೊದಲ ಅರ್ಥದಲ್ಲಿಯೂ ಮಯಾಸ್ಮಾ ಎಲ್ಲ ಕಾಲಕ್ಕೂ ಒದಗಲಿಲ್ಲ. 1849ರ ಸುಮಾರಿಗೆ ನಾತ ನೀಗಲೆಂದು ಅದೇ ನಂಬಿಕೆಯಿಂದ ಗುಂಡಿಗಳ ಹೊಲಸನ್ನು ಥೇಮ್ಸ್‌ಗೆ ಹರಿಸಿದ್ದರು. ಕುಡಿಯುವ ನೀರನ್ನು ಎತ್ತುತ್ತಿದ್ದುದೂ ಥೇಮ್ಸ್‌ನಿಂದಲೇ. ಜೇಮ್ಸ್ ಹಾಕಿದ ‘ದೀರ್ಘಕಾಲ, ಒಟ್ಟಾರೆ’ ಎಂಬ ಷರತ್ತಿಗೆ ಬಲ ಬರುವುದು ಇಂಥ ಕಡೆ. ಆದರೆ ತೃಪ್ತಿ, ಸಮಾಧಾನಗಳನ್ನೂ ಅದೇ ತಕ್ಕಡಿಗೆ ಹಾಕಿದಾಗ ಜೇಮ್ಸ್ ತಾವೇ ರಸೆಲ್ ಅವರ ವಾದಕ್ಕೆ ಎಡೆಮಾಡಿಕೊಟ್ಟರು. ಪರ್ಸ್ 1905ರಲ್ಲಿ ತಮ್ಮ ಸಿದ್ಧಾಂತಕ್ಕೆ ‘ಪ್ರಾಗ್ಮ್ಯಾಟಿಸಿಸಂ’ ಎಂದು ಬೇರೆಯೇ ಹೆಸರಿಟ್ಟು ದೂರ ಸರಿದದ್ದು ಸುಮ್ಮನೆ ಅಲ್ಲ.

ಆರೋಪ ಇಷ್ಟಕ್ಕೆ ಪೂರ್ತಿ ಇಳಿಯುವುದಿಲ್ಲ. 1854ರ ಆಗಸ್ಟ್ 31ರಂದು ಆ ಪಂಪಿನಿಂದ ನೀರು ಕುಡಿದವರು ಎಷ್ಟು ಜನ? ಯಾರೂ ಎಣಿಸಲಿಲ್ಲ, ಇನ್ನು ಎಷ್ಟು ವಿಚಾರಿಸಿದರೂ ಗೊತ್ತಾಗದು. ಆದರೂ ಒಂದು ನಿಖರ ಸಂಖ್ಯೆ ಇದ್ದೇ ಇತ್ತು. ವಿಚಾರಣೆ ಮುಟ್ಟಲಾರದ ಸತ್ಯವೂ ಇರುವುದಾದರೆ, ವಿಚಾರಣೆಯ ಕೊನೆಯೇ ಸತ್ಯ ಎನ್ನುವುದು ಹೇಗೆ? ಈ ತೊಡಕು ಪರ್ಸ್ ಅವರಿಗೂ ಕಂಡಿತ್ತು. ಜಾನ್ ಡ್ಯೂಯಿ 1938ರ ತಮ್ಮ ಗ್ರಂಥದಲ್ಲಿ ‘ಸತ್ಯ’ ಎಂಬ ಪದಕ್ಕಿಂತ ‘ಆಧಾರಸಹಿತವಾಗಿ ಹೇಳಬಹುದಾದದ್ದು’ ಎಂಬುದನ್ನೇ ಮುಂದೆ ಮಾಡಿದರು.

ನಮ್ಮ ನ್ಯಾಯದರ್ಶನ ಈ ಗಂಟನ್ನು ಬಿಡಿಸುವ ಒಂದು ಎಳೆಯನ್ನು ಬಹಳ ಹಿಂದೆಯೇ ಹಿಡಿದಿತ್ತು. ದೂರದಲ್ಲಿ ನೀರು ಕಂಡಿತು, ಹೋದೆ, ದಾಹ ತೀರಿತು. ಆ ಪ್ರವೃತ್ತಿ ಫಲಿಸಿದ್ದರಿಂದ ನನ್ನ ಜ್ಞಾನ ಸರಿಯೆಂದು ತಿಳಿಯಿತು. ಬಿಸಿಲ್ಗುದುರೆಯಾಗಿದ್ದರೆ ಫಲಿಸುತ್ತಿರಲಿಲ್ಲ. ಆದರೆ ನೈಯಾಯಿಕರು ಫಲಿಸಿದ್ದನ್ನು ಸತ್ಯದ ಪರೀಕ್ಷೆ ಎಂದರೇ ಹೊರತು ಸತ್ಯದ ಲಕ್ಷಣ ಎನ್ನಲಿಲ್ಲ. ವಸ್ತು ಇದ್ದ ಹಾಗೆ ತಿಳಿಯುವುದೇ ಅವರಿಗೆ ಲಕ್ಷಣ. ಒರೆಗಲ್ಲಿನ ಗೆರೆ ಚಿನ್ನವನ್ನು ತೋರಿಸುತ್ತದೆ, ಚಿನ್ನವನ್ನು ಮಾಡುವುದಿಲ್ಲ.

ನನ್ನ ತೀರ್ಮಾನ ಇದು. ಸತ್ಯದ ಲಕ್ಷಣವಾಗಿ ಪ್ರಾಗ್ಮ್ಯಾಟಿಸಂ ಸಾಲದು, ಬ್ರಾಡ್ ಸ್ಟ್ರೀಟಿನ ಎಣಿಸದ ಸಂಖ್ಯೆಯೇ ಅದಕ್ಕೆ ಸಾಕ್ಷಿ. ಆದರೆ ‘ಇದು ನಿಜ’ ಎನ್ನುವವರು ಯಾವ ಹೊಣೆ ಹೊರಬೇಕು ಎಂಬುದನ್ನು ಅದರಷ್ಟು ಚೆನ್ನಾಗಿ ಹೇಳಿದ ತತ್ವವನ್ನು ನಾನು ಕಾಣೆ. ಆ ಹೊಣೆ ಹೊತ್ತ ಒಬ್ಬರು ಹೆನ್ರಿ ವೈಟ್‌ಹೆಡ್, ಸೋಹೋದ ಯುವ ಪಾದ್ರಿ. ಸ್ನೋ ಅವರ ಮಾತು ಸುಳ್ಳೆಂದು ತೋರಿಸಲು ಹೊರಟವರು ಅವರು. ತಮ್ಮ ಚರ್ಚಿನ ಭಕ್ತರ ಮನೆಗಳಿಗೆ ಮತ್ತೆ ಮತ್ತೆ ಹೋಗಿ, ಯಾರು ಏನು ಕುಡಿದರು ಎಂದು ಕೇಳಿದರು. ಕೇಳುತ್ತ ಕೇಳುತ್ತ 40ನೇ ನಂಬರಿನ ಮನೆಯ ಹಸುಗೂಸೊಂದು ಎಲ್ಲರಿಗಿಂತ ಮೊದಲು ಕಾಯಿಲೆ ಬಿದ್ದದ್ದು, ಅದರ ಬಟ್ಟೆ ಒಗೆದ ನೀರನ್ನು ತಾಯಿ ಮನೆಯ ಗುಂಡಿಗೆ ಚೆಲ್ಲಿದ್ದು ತಿಳಿಯಿತು. ಅಗೆದು ನೋಡಿದರೆ ಗುಂಡಿಗೂ ಪಂಪಿನ ಬಾವಿಗೂ ನಡುವೆ ಮೂರಡಿಯೂ ಇರಲಿಲ್ಲ, ಗುಂಡಿಯ ಇಟ್ಟಿಗೆಗಳು ಸಡಿಲವಾಗಿದ್ದವು. ತಾವು ಹುಡುಕಿದ ಸಾಕ್ಷ್ಯವೇ ತಮ್ಮ ನಂಬಿಕೆಯನ್ನು ಕೆಡವಿದಾಗ ವೈಟ್‌ಹೆಡ್ ಅದನ್ನು ಒಪ್ಪಿ ಸ್ನೋ ಅವರ ಪರವಾಗಿ ಬರೆದರು.