ಅಟ್ಟದ ಮೇಲಿರುವುದೆಲ್ಲ ಮಾರುವ ಸಾಮಾನಲ್ಲ

ಜೂನ್ ತಿಂಗಳಲ್ಲಿ ಮಗಳ ಶಾಲೆಗೆ 8,500 ರೂಪಾಯಿ ಕಟ್ಟಬೇಕಿತ್ತು. ಉಪ್ಪಳದ ಮನೆಯ ಅಟ್ಟ ಹತ್ತಿದೆ. ಅಲ್ಲಿ ಹೊಲಿಗೆ ಯಂತ್ರ, ಗ್ರೈಂಡರ್, ಇನ್ವರ್ಟರಿನ ಹಳೆಯ ಬ್ಯಾಟರಿ, ಮಾಮ ಸೌದಿಯಿಂದ ತಂದ ಮಿಕ್ಸಿ ಇದ್ದವು. ಎಲ್ಲದರ ಫೋಟೋ ತೆಗೆದು ವಾಟ್ಸಾಪಿಗೆ ಹಾಕೋಣ ಎಂದಳು ಹೆಂಡತಿ. ನಾನು ಬೇಡ ಎಂದೆ. ಹತ್ತು ಸಾಮಾನು ಹಾಕಿದರೆ ಹತ್ತು ದಿನ 'ಲಾಸ್ಟ್ ರೇಟ್ ಎಷ್ಟು' ಎಂಬುದಕ್ಕೆ ಉತ್ತರ ಕೊಡುತ್ತಾ ಕೂರಬೇಕು. ಓಡುವ ಸಾಮಾನನ್ನು ಮಾತ್ರ ಹಾಕಬೇಕು, ಉಳಿದದ್ದು ತೂಕಕ್ಕೆ ಹೋಗಬೇಕು. ಇದು ನನ್ನ ಅಭಿಪ್ರಾಯ.

ಗ್ರೈಂಡರ್ 'ಸತ್ತಿದೆ' ಎಂದು ಉಮ್ಮ ಮೂರು ವರ್ಷದ ಹಿಂದೆಯೇ ಮೇಲೆ ಇಡಿಸಿದ್ದರು. ಸ್ವಿಚ್ ಹಾಕಿದೆ. ಗುಂಯ್ ಎಂದಿತು, ತಿರುಗಲಿಲ್ಲ. ಪ್ಲಗ್ ತೆಗೆದು ಕೈಯಿಂದ ತಿರುಗಿಸಿದರೆ ಸಲೀಸಾಗಿ ತಿರುಗಿತು. ಅಂದರೆ ಜಾಮ್ ಆಗಿಲ್ಲ. ಇಂಥ ಲಕ್ಷಣಕ್ಕೆ ಹೆಚ್ಚಾಗಿ ಕೆಪಾಸಿಟರ್ ಕಾರಣ. 120 ರೂಪಾಯಿಯ ಹೊಸದನ್ನು ಹಾಕಿದೆ, ಓಡಿತು. ಅಕ್ಕಿ ಅರೆಯುವ ವಿಡಿಯೋ ಹಾಕಿದ್ದಕ್ಕೆ ಎರಡೇ ದಿನದಲ್ಲಿ 1,800ಕ್ಕೆ ಹೋಯಿತು. ಮೋಟಾರಿನ ವೈಂಡಿಂಗ್ ಸುಟ್ಟ ವಾಸನೆ ಬಂದಿದ್ದರೆ ರಿಪೇರಿಗೆ ಕೈ ಹಾಕುತ್ತಿರಲಿಲ್ಲ, ಗುಜರಿಗೇ ಹಾಕುತ್ತಿದ್ದೆ. ಹೊಲಿಗೆ ಯಂತ್ರಕ್ಕೆ ಎಣ್ಣೆ ಹಾಕಿ, ಹೊಲಿದ ಬಟ್ಟೆಯ ತುಂಡನ್ನೂ ಜೊತೆಗೆ ತೋರಿಸಿದೆ. 3,000 ಬಂತು.

ಬ್ಯಾಟರಿಯ ಫೋಟೋ ಹಾಕಲೇ ಇಲ್ಲ. ಚಾರ್ಜ್ ಹಿಡಿಯದ ಬ್ಯಾಟರಿಯ ಬೆಲೆ ಅದರೊಳಗಿನ ಸೀಸದಲ್ಲಿದೆ. ಮನೆ ಬಾಗಿಲಿಗೆ ಬಂದವನು 'ಒಟ್ಟಿಗೆ 2,500' ಎಂದ. ಉಪ್ಪ ಅಂಗಡಿಯ ತಕ್ಕಡಿಗೆ ಇಡು ಎಂದರು. ಆಸಿಡ್ ಚೆಲ್ಲದ ಹಾಗೆ ನೆಟ್ಟಗೆ ಎತ್ತಿ ಇಟ್ಟೆವು, 54 ಕಿಲೋ ತೂಗಿತು. ಬ್ಯಾಟರಿ ಅಂಗಡಿಯವರು ಕಿಲೋಗೆ 78ರಂತೆ 4,212 ಕೊಟ್ಟರು. ಗುಜರಿಯವರು 'ಒಟ್ಟಿಗೆ' ಎಂದಾಗಲೆಲ್ಲ ಮೊದಲು ತೂಕ ಮಾಡಿಸಿ, ಆಮೇಲೆ ದರ ಕೇಳಿ.

ಮಿಕ್ಸಿ ಹೊಸದರಂತೆ ಹೊಳೆಯುತ್ತಿತ್ತು. ಕೆಳಗಿನ ಪ್ಲೇಟ್ ನೋಡಿದರೆ 110 ವೋಲ್ಟ್, 60 ಹರ್ಟ್ಸ್. ನಮ್ಮಲ್ಲಿರುವುದು 230 ವೋಲ್ಟ್, 50 ಹರ್ಟ್ಸ್. ನೇರ ಹಾಕಿದರೆ ಕ್ಷಣದಲ್ಲಿ ಸುಡುತ್ತದೆ. ಗಲ್ಫಿನಿಂದ ಬಂದ ಎಷ್ಟೋ ಮನೆಗಳ ಅಟ್ಟದಲ್ಲಿ ಇಂಥವು ಇವೆ. ಮಾರುವ ಮುಂಚೆ ಪ್ಲೇಟ್ ಓದಿ. 'ಹೇಳದೆ ಮಾರಿದರೆ ಹಣ ಒಂದು ದಿನದ್ದು, ಮಾತು ವರ್ಷಗಟ್ಟಲೆಯದ್ದು' ಎನ್ನುತ್ತಾರೆ ಉಪ್ಪ. ಮಿಕ್ಸಿಯನ್ನು ಗುಜರಿಯವನಿಗೆ ಸುಮ್ಮನೆ ಕೊಟ್ಟೆ, ವೈರ್ ಕತ್ತರಿಸಿಯೇ ಕೊಟ್ಟೆ.

ಹೊಲಿಗೆ ಯಂತ್ರಕ್ಕೆ ಕರೆ ಮಾಡಿದವನೊಬ್ಬ 'ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಹಾಕಿ, ಹಣ ಬರುತ್ತದೆ' ಎಂದ. ಫೋನ್ ಇಟ್ಟೆ. ಪಿನ್ ಹಾಕುವುದು ಹಣ ಕೊಡಲು, ಪಡೆಯಲು ಅಲ್ಲ.

ಒಟ್ಟು 9,012. ಕೆಪಾಸಿಟರ್ ಕಳೆದರೆ 8,892. ಫೀಸು ಕಟ್ಟಿಯಾಯಿತು. ಉಮ್ಮನ ತಾಮ್ರದ ಹಂಡೆಯ ತೂಕಕ್ಕೆ ಇದಕ್ಕಿಂತ ಚೆನ್ನಾದ ದರ ಸಿಗುತ್ತಿತ್ತು. ಆದರೆ ಅದರಲ್ಲಿ ಈಗಲೂ ನೀರು ಕಾಯುತ್ತದೆ. ಬಳಸುವ ಸಾಮಾನು ಅಟ್ಟದ ಲೆಕ್ಕಕ್ಕೆ ಬರುವುದಿಲ್ಲ.